ಯಾವ ಗೆರೆ ಸರಿಯಿತು?

ದಾವಣಗೆರೆಯ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಮಾತು ಬಂದರೆ ಎರಡೇ ಪ್ರಶ್ನೆ: ಆವಕ ಎಷ್ಟು, ಧಾರಣೆ ಎಷ್ಟು? ಇವತ್ತು ಎಷ್ಟು ಚೀಲ ಬಂತು, ಕ್ವಿಂಟಲಿಗೆ ಎಷ್ಟಕ್ಕೆ ಹೋಯಿತು ಎನ್ನುವುದು ಗೊತ್ತಾದರೆ ಮಾರುಕಟ್ಟೆಯ ಕತೆ ಗೊತ್ತಾದಂತೆ ಎಂಬ ನಂಬಿಕೆ ಎಲ್ಲರಲ್ಲೂ ಇದೆ. ಆ ನಂಬಿಕೆಗೆ ಒಂದು ಸೂತ್ರವೂ ಇದೆ. ಮಾಲು ಕಮ್ಮಿಯಾದರೆ ರೇಟು ಏರುತ್ತದೆ, ಮಾಲು ಜಾಸ್ತಿಯಾದರೆ ರೇಟು ಬೀಳುತ್ತದೆ.

ನಮ್ಮ ಕೆ.ಬಿ. ಬಡಾವಣೆಯಲ್ಲಿ ದಲಾಲಿ ಅಂಗಡಿ ನಡೆಸುವ ಹಿರಿಯರೊಬ್ಬರಿದ್ದಾರೆ. ನಾನು ಪಿಯು ಮಕ್ಕಳಿಗೆ ಅರ್ಥಶಾಸ್ತ್ರ ಹೇಳುತ್ತೇನೆ ಎಂಬ ಕಾರಣಕ್ಕೆ ಅವರು ಒಮ್ಮೆ ಕೇಳಿದ ಪ್ರಶ್ನೆ ಈ ಬರಹಕ್ಕೆ ಕಾರಣ.

“ಅಲ್ರೀ ಮೇಷ್ಟ್ರೇ, ಮಾಲು ಕಮ್ಮಿ ಆದ್ರೆ ರೇಟು ಏರ್ಬೇಕಲ್ವಾ? ಕೊರೊನಾ ಬಂದ ವರ್ಷ ಮಾಲೂ ಸರಿಯಾಗಿ ಬರ್ಲಿಲ್ಲ, ರೇಟೂ ನೆಲ ಕಚ್ತು. ಇದಕ್ಕೆ ನಿಮ್ ಪುಸ್ತಕದಾಗೆ ಏನಂತ ಬರ್ದಾರೆ?”

“ಬರ್ದಿದ್ದಾರೆ ಯಜಮಾನ್ರೇ. ಆದ್ರೆ ಅದನ್ನ ಕಂಡುಹಿಡಿಯೋಕೆ ತೊಂಬತ್ತು ವರ್ಷ ಹಿಡೀತು.”

ಪುಸ್ತಕದಲ್ಲಿರುವುದು ಒಂದು ಚಿತ್ರ. ಎಡಗಡೆ ನೆಟ್ಟಗೆ ನಿಂತ ಗೆರೆಯ ಮೇಲೆ ಬೆಲೆ, ಕೆಳಗೆ ಅಡ್ಡ ಮಲಗಿದ ಗೆರೆಯ ಮೇಲೆ ಪ್ರಮಾಣ. ಎಡದಿಂದ ಬಲಕ್ಕೆ ಇಳಿಯುತ್ತಾ ಹೋಗುವುದು ಬೇಡಿಕೆ ರೇಖೆ, ಏರುತ್ತಾ ಹೋಗುವುದು ಪೂರೈಕೆ ರೇಖೆ. ಎರಡೂ ಕತ್ತರಿಸುವ ಜಾಗದಲ್ಲಿ ಸಮತೋಲನ ಬೆಲೆ ಮತ್ತು ಸಮತೋಲನ ಪ್ರಮಾಣ ಸಿಗುತ್ತವೆ. ದ್ವಿತೀಯ ಪಿಯು ವಿದ್ಯಾರ್ಥಿ ಇದನ್ನು ಎರಡು ನಿಮಿಷದಲ್ಲಿ ಬರೆದು ಅಂಕ ಪಡೆಯುತ್ತಾನೆ. ಆದರೆ ಈ ಚಿತ್ರ ಯಾವ ಜಗಳವನ್ನು ಬಗೆಹರಿಸಲು ಹುಟ್ಟಿತು ಎನ್ನುವುದನ್ನು ನಾವು ತರಗತಿಯಲ್ಲಿ ಹೇಳುವುದಿಲ್ಲ. ಹೇಳಿದರೆ, ರೇಖೆಯೊಂದು ಪಕ್ಕಕ್ಕೆ ಸರಿಯುವುದು ಎಂದರೇನು ಎಂಬುದು ಉರು ಹೊಡೆಯದೆಯೇ ಅರ್ಥವಾಗುತ್ತದೆ ಎಂದು ನನಗೆ ಅನ್ನಿಸುತ್ತದೆ.

ಜಗಳ ಎದ್ದದ್ದು 1869ರಲ್ಲಿ, ಇಂಗ್ಲೆಂಡಿನಲ್ಲಿ. ಎಬ್ಬಿಸಿದವನು ವಿಲಿಯಂ ಥಾಮಸ್ ಥಾರ್ನ್‌ಟನ್. ಈತ ಲಂಡನ್ನಿನಲ್ಲಿ ಕುಳಿತು ನಮ್ಮ ದೇಶದ ಕಡತಗಳನ್ನು ನೋಡುತ್ತಿದ್ದ ಅಧಿಕಾರಿ. ಮೊದಲು ಈಸ್ಟ್ ಇಂಡಿಯಾ ಕಂಪನಿಯಲ್ಲಿ, ಆಮೇಲೆ ಇಂಡಿಯಾ ಆಫೀಸಿನಲ್ಲಿ ಲೋಕೋಪಯೋಗಿ ವಿಭಾಗದ ಕೆಲಸ ಅವನದು. ಕಂಪನಿಯಲ್ಲಿ ಅವನ ಸಹೋದ್ಯೋಗಿಯಾಗಿದ್ದವನು ಆ ಕಾಲದ ದೊಡ್ಡ ಅರ್ಥಶಾಸ್ತ್ರಜ್ಞ ಜಾನ್ ಸ್ಟುವರ್ಟ್ ಮಿಲ್. ಆಗ ಎಲ್ಲರ ಬಾಯಲ್ಲೂ ಇದ್ದ ಮಾತೆಂದರೆ, ಕೂಲಿಯನ್ನು ನಿರ್ಧರಿಸುವುದು ಬೇಡಿಕೆ ಮತ್ತು ಪೂರೈಕೆಯ ನಿಯಮ, ಕಾರ್ಮಿಕ ಸಂಘಗಳು ಎಷ್ಟು ಕೂಗಿದರೂ ಅದನ್ನು ಅಲುಗಾಡಿಸಲಾರವು ಎನ್ನುವುದು. ಥಾರ್ನ್‌ಟನ್ ಕಾರ್ಮಿಕರ ಕುರಿತ ತನ್ನ ಪುಸ್ತಕದಲ್ಲಿ ಆ ನಿಯಮಕ್ಕೇ ಕೊಡಲಿ ಹಾಕಿದ. ಅಂಥದ್ದೊಂದು ನಿಯಮವೇ ಇಲ್ಲ ಎಂದ.

ಅವನ ವಾದದ ಉದಾಹರಣೆ ಹೇಸ್ಟಿಂಗ್ಸ್ ಕಡಲ ತೀರದ ಮೀನಿನ ಹರಾಜು. ಅಲ್ಲಿ ಡಚ್ ಪದ್ಧತಿಯಲ್ಲಿ ಹರಾಜು ನಡೆಯುತ್ತಿತ್ತು. ಮಾರುವವನು ಮೊದಲು ದೊಡ್ಡ ಬೆಲೆ ಕೂಗಿ ಇಳಿಸುತ್ತಾ ಬರುತ್ತಾನೆ, ಯಾರಾದರೂ ‘ನನಗೆ’ ಎಂದಾಗ ನಿಲ್ಲಿಸುತ್ತಾನೆ. ಒಂದು ಲಾಟ್ ಮೀನು ಹೀಗೆ 20 ಷಿಲ್ಲಿಂಗಿಗೆ ಹೋಯಿತು ಎಂದಿಟ್ಟುಕೊಳ್ಳಿ ಎಂದ ಥಾರ್ನ್‌ಟನ್. ಅದೇ ಮೀನನ್ನು ಅದೇ ಜನರ ಮುಂದೆ, ಬೆಲೆ ಏರಿಸುತ್ತಾ ಹೋಗುವ ಮಾಮೂಲಿ ಹರಾಜಿಗೆ ಇಟ್ಟಿದ್ದರೆ 18 ಷಿಲ್ಲಿಂಗಿಗೇ ನಿಲ್ಲಬಹುದಿತ್ತು. ಏಕೆಂದರೆ ಎರಡನೆಯವನು 18ಕ್ಕೆ ಕೈಬಿಟ್ಟರೆ ಮೊದಲನೆಯವನು ಹೆಚ್ಚು ಕೂಗುವ ಅಗತ್ಯವೇ ಇಲ್ಲ. ಮೀನು ಅಷ್ಟೇ, ಗಿರಾಕಿಗಳೂ ಅವರೇ, ಬೆಲೆ ಮಾತ್ರ ಎರಡು. ಹಾಗಾದರೆ ನಿಯಮ ಎಲ್ಲಿದೆ ಎಂಬುದು ಅವನ ಪ್ರಶ್ನೆ.

ನಮ್ಮ ಎಪಿಎಂಸಿಯಲ್ಲಿ ಟೆಂಡರ್ ನೋಡಿದವರಿಗೆ ಇದು ಹೊಸದಲ್ಲ. ಒಬ್ಬರ ದರ ಇನ್ನೊಬ್ಬರಿಗೆ ಕಾಣದಂತೆ ವರ್ತಕರು ದರ ನಮೂದಿಸುವ ಟೆಂಡರ್ ಸ್ವಭಾವದಲ್ಲಿ ಹೇಸ್ಟಿಂಗ್ಸಿನ ಡಚ್ ಹರಾಜಿನ ಅಣ್ಣತಮ್ಮನೇ. ಎರಡರಲ್ಲೂ ಎದುರಾಳಿ ಎಲ್ಲಿಗೆ ನಿಲ್ಲುತ್ತಾನೆಂದು ತಿಳಿಯದೆ ನಮ್ಮ ಬೆಲೆ ನಾವು ಹೇಳಬೇಕು. ಬಹಿರಂಗ ಕೂಗಿನಲ್ಲಿ ಮಾತ್ರ ಎದುರಾಳಿ ಕೈಬಿಟ್ಟದ್ದು ಕಾಣುತ್ತದೆ.

ಮಿಲ್ ಈ ವಾದದ ಮುಂದೆ ಅರ್ಧ ಸೋತ. ಕೂಲಿ ಕೊಡಲು ಮೀಸಲಾದ ಹಣದ ಮೊತ್ತ ಮೊದಲೇ ನಿಗದಿಯಾಗಿರುತ್ತದೆ ಎಂಬ ತನ್ನ ಹಳೆಯ ಸಿದ್ಧಾಂತವನ್ನು ಅದೇ 1869ರಲ್ಲಿ ಅವನು ಬಹಿರಂಗವಾಗಿಯೇ ಕೈಬಿಟ್ಟ. ಉತ್ತರ ಬಂದದ್ದು ಅರ್ಥಶಾಸ್ತ್ರಜ್ಞರಿಂದಲ್ಲ, ಸಮುದ್ರದಡಿ ತಂತಿ ಹಾಕುವ ಒಬ್ಬ ಎಂಜಿನಿಯರನಿಂದ. ಫ್ಲೀಮಿಂಗ್ ಜೆಂಕಿನ್ ಅವನ ಹೆಸರು. 1868ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯಕ್ಕೆ ಎಂಜಿನಿಯರಿಂಗ್ ಪ್ರಾಧ್ಯಾಪಕನಾಗಿ ಬಂದಿದ್ದ. ಅವನ ಕೈಕೆಳಗೆ ಓದಿದ ಆರ್.ಎಲ್. ಸ್ಟೀವನ್‌ಸನ್ ಮುಂದೆ ಕಾದಂಬರಿಕಾರನಾಗಿ ಹೆಸರು ಮಾಡಿ ಗುರುವಿನ ಜೀವನಚರಿತ್ರೆಯನ್ನೂ ಬರೆದ. ಜೆಂಕಿನ್ 1870ರಲ್ಲಿ ಬರೆದ ಪ್ರಬಂಧ ಬೇಡಿಕೆ ಮತ್ತು ಪೂರೈಕೆಯ ನಿಯಮಗಳನ್ನು ನಕ್ಷೆಯಲ್ಲಿ ತೋರಿಸುವುದರ ಬಗ್ಗೆ, ಅವುಗಳನ್ನು ಕೂಲಿಗೆ ಅನ್ವಯಿಸುವುದರ ಬಗ್ಗೆ.

ಎಂಜಿನಿಯರನಿಗೆ ಕಂಡ ತೊಡಕು ಇದು. ಜನ ‘ಬೇಡಿಕೆ’ ಎಂದಾಗ ಎರಡು ಬೇರೆ ಬೇರೆ ಸಂಗತಿಗಳನ್ನು ಕಲಸಿ ಹೇಳುತ್ತಿದ್ದರು. ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ ಎನ್ನುತ್ತಾರೆ. ಬೇಡಿಕೆ ಇಳಿದರೆ ಬೆಲೆ ಇಳಿಯುತ್ತದೆ ಎಂದೂ ಎನ್ನುತ್ತಾರೆ. ಎರಡನ್ನೂ ಜೋಡಿಸಿದರೆ ಏರಿದ ಬೆಲೆ ತಾನಾಗಿಯೇ ಇಳಿಯಬೇಕು, ಬೆಲೆ ಎಂದೂ ಏರಿ ನಿಲ್ಲುವಂತೆಯೇ ಇಲ್ಲ. ಮಾತಿನಲ್ಲಿ ವಾದಿಸುವವರೆಗೂ ಈ ಸುಳಿಯಿಂದ ಹೊರಗೆ ಬರಲಾಗದು. ಕಾಗದದ ಮೇಲೆ ಗೆರೆ ಎಳೆದ ತಕ್ಷಣ ಸುಳಿ ಬಿಚ್ಚಿಕೊಳ್ಳುತ್ತದೆ. ಒಂದೊಂದು ಬೆಲೆಗೆ ಎಷ್ಟೆಷ್ಟು ಕೊಳ್ಳಲು ಸಿದ್ಧ ಎಂಬ ಜನರ ಮನಸ್ಸಿನ ಇಡೀ ಪಟ್ಟಿಯೇ ಬೇಡಿಕೆ ರೇಖೆ. ಬೆಲೆ ಬದಲಾದಾಗ ನಾವು ಆ ರೇಖೆಯ ಮೇಲೇ ಒಂದು ಬಿಂದುವಿನಿಂದ ಇನ್ನೊಂದಕ್ಕೆ ಹೋಗುತ್ತೇವೆ. ರೇಖೆ ಇದ್ದಲ್ಲೇ ಇರುತ್ತದೆ. ಜನರ ಮನಸ್ಸೇ ಬದಲಾದರೆ, ಕೈಯಲ್ಲಿನ ಹಣ ಬದಲಾದರೆ, ರೇಖೆಯೇ ಎದ್ದು ಬೇರೆ ಜಾಗಕ್ಕೆ ಹೋಗುತ್ತದೆ. ಮೊದಲನೆಯದು ಬೆಲೆಯ ಫಲ, ಎರಡನೆಯದು ಬೆಲೆಗೆ ಕಾರಣ. ಪೂರೈಕೆಗೂ ಇದೇ ಮಾತು.

ಮೀನಿನ ಹರಾಜಿಗೂ ಇದರಲ್ಲೇ ಉತ್ತರ ಸಿಗುತ್ತದೆ. ಲಾಟ್ ಒಂದೇ ಇದ್ದು, ಅದನ್ನು ಬಯಸುವವರಲ್ಲಿ ಒಬ್ಬ 20, ಇನ್ನೊಬ್ಬ 18 ಕೊಡಲು ಸಿದ್ಧನಿದ್ದರೆ ಬೇಡಿಕೆಯ ಗೆರೆ ನುಣುಪಾಗಿರುವುದಿಲ್ಲ, ಮೆಟ್ಟಿಲಿನಂತಿರುತ್ತದೆ. ಎರಡು ಮೆಟ್ಟಿಲುಗಳ ನಡುವೆ 18ರಿಂದ 20ರವರೆಗೆ ಯಾವ ಬೆಲೆಯಾದರೂ ಆಗಬಹುದು, ಹರಾಜಿನ ಪದ್ಧತಿ ಅದನ್ನು ತೀರ್ಮಾನಿಸುತ್ತದೆ. ಗಿರಾಕಿಗಳು ಹೆಚ್ಚಿದಂತೆ ಮೆಟ್ಟಿಲುಗಳು ಹತ್ತಿರವಾಗಿ ಆ ಸಂದು ಮುಚ್ಚುತ್ತದೆ. ಥಾರ್ನ್‌ಟನ್ ಕಂಡದ್ದು ನಿಜವೇ. ಆದರೆ ಅದು ನಿಯಮದ ಸಾವಲ್ಲ, ಅದರ ಅಂಚು.

ಜೆಂಕಿನ್ನನೇ ಮೊದಲಿಗನೇನಲ್ಲ. ಫ್ರಾನ್ಸಿನ ಅಂತ್ವಾನ್ ಅಗಸ್ಟಿನ್ ಕೂರ್ನೋ 1838ರಲ್ಲೇ ಬೇಡಿಕೆಯ ರೇಖೆ ಬರೆದಿದ್ದ, ಬೆಲೆಯನ್ನು ಅಡ್ಡಗೆರೆಯ ಮೇಲಿಟ್ಟು. ಅವನ ಪುಸ್ತಕವನ್ನು ಬಹುಕಾಲ ಗಮನಿಸಿದವರೇ ವಿರಳ. ಜರ್ಮನಿಯ ಕಾರ್ಲ್ ಹೈನ್ರಿಖ್ ರಾವ್ 1841ರಲ್ಲಿ ತನ್ನ ಪಠ್ಯಪುಸ್ತಕದ ಕೊನೆಗೆ ಇಂಥ ಚಿತ್ರ ಸೇರಿಸಿದ. ಅವನ ದೇಶದವನೇ ಆದ ಹಾನ್ಸ್ ಫಾನ್ ಮಾಂಗೋಲ್ಟ್ 1863ರಲ್ಲಿ ಇನ್ನೂ ಚೆನ್ನಾದ ಚಿತ್ರಗಳನ್ನು ಕೊಟ್ಟ. ಅವನ ಪಾಡು ನನ್ನ ಮನಸ್ಸಿಗೆ ತುಂಬ ನೋವು ಕೊಡುವಂಥದು. ಅವನು 1868ರಲ್ಲಿ ತೀರಿಕೊಂಡ. 1871ರಲ್ಲಿ ಪುಸ್ತಕದ ಎರಡನೇ ಮುದ್ರಣ ಬಂದಾಗ ಸಂಪಾದಕ ಚಿತ್ರಗಳೆಲ್ಲವನ್ನೂ ಕಿತ್ತುಹಾಕಿದ. ಅರ್ಥಶಾಸ್ತ್ರದ ಪುಸ್ತಕದಲ್ಲಿ ಗೆರೆಗಳಿಗೇನು ಕೆಲಸ ಎಂದು ತೋರುತ್ತಿದ್ದ ಕಾಲ ಅದು. ಇಂದು ಅರ್ಥಶಾಸ್ತ್ರ ಎಂದ ಕೂಡಲೇ ಕಣ್ಣಿಗೆ ಬರುವುದೇ ಆ ಗೆರೆಗಳು.

ಜೆಂಕಿನ್ನನ ಚಿತ್ರ ಮೂಲೆಗೆ ಬೀಳದಿರಲು ಓದುಗರೂ ಕಾರಣ. ಸ್ಟ್ಯಾನ್ಲಿ ಜೆವನ್ಸ್ ಅದನ್ನು ಕಂಡು, ತನ್ನ ಕೆಲಸದ ಮೊದಲಿಗತನ ಕೈಬಿಟ್ಟು ಹೋದೀತೆಂದು 1871ರಲ್ಲಿ ಅವಸರದಿಂದ ತನ್ನ ಪುಸ್ತಕ ಹೊರತಂದ. ಆ ಪುಸ್ತಕ ಬರಲು ಜೆಂಕಿನ್ನನ ಪ್ರಬಂಧವೂ ಒಂದು ಕಾರಣ ಎಂದು ಎರಡನೇ ಮುದ್ರಣದ ಮುನ್ನುಡಿಯಲ್ಲಿ ತಾನೇ ಒಪ್ಪಿಕೊಂಡ. ಕೇಂಬ್ರಿಜ್‌ನ ಆಲ್‌ಫ್ರೆಡ್ ಮಾರ್ಷಲ್ 1890ರ ತನ್ನ ದೊಡ್ಡ ಪುಸ್ತಕದಲ್ಲಿ ಬೆಲೆಯನ್ನು ನೆಟ್ಟಗೆರೆಗೂ ಪ್ರಮಾಣವನ್ನು ಅಡ್ಡಗೆರೆಗೂ ಕಟ್ಟಿ ನಿಲ್ಲಿಸಿದ. ನಮ್ಮ ಪಿಯು ಪುಸ್ತಕದಲ್ಲಿರುವುದು ಆ ಚಿತ್ರವೇ.

ಈಗ ನಮ್ಮ ಮೆಕ್ಕೆಜೋಳಕ್ಕೆ ಬರೋಣ. ರೇಖೆ ಸರಿಯುವುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಎರಡು ಘಟನೆಗಳು ಈ ಭಾಗದಲ್ಲೇ, ಎರಡು ವರ್ಷಗಳ ಅಂತರದಲ್ಲಿ ನಡೆದವು.

ಮೊದಲನೆಯದು 2018ರದು. ಅಮೆರಿಕ ಖಂಡದಿಂದ ಆಫ್ರಿಕಕ್ಕೆ ಬಂದಿದ್ದ ಸೈನಿಕ ಹುಳು ಭಾರತದಲ್ಲಿ ಮೊದಲು ಕಂಡದ್ದು ಆ ವರ್ಷದ ಮೇ ತಿಂಗಳಲ್ಲಿ, ಪಕ್ಕದ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ. ಗಿಡದ ಸುಳಿಯೊಳಗೆ ಕುಳಿತು ಎಲೆ ತಿನ್ನುವ ಹುಳು ಅದು. ಸುಳಿಯಲ್ಲಿ ಕಟ್ಟಿಗೆ ಹೊಟ್ಟಿನಂಥ ಹಿಕ್ಕೆ, ಎಲೆಯ ಮೇಲೆ ಸಾಲಾಗಿ ತೂತು ಕಂಡರೆ ಅದೇ ಎಂದು ರೈತರು ಬೇಗ ಕಲಿತರು. ಅದರ ಜೊತೆಗೆ ಮಳೆಯೂ ಕೈಕೊಟ್ಟಿತು. 2019ರಲ್ಲಿ ಮೆಕ್ಕೆಜೋಳದ ಧಾರಣೆ ಕ್ವಿಂಟಲಿಗೆ 2,000 ರೂಪಾಯಿ ದಾಟಿತು, ಕೋಳಿ ಆಹಾರದವರ ಕೂಗಿಗೆ ಕೇಂದ್ರ ಸರ್ಕಾರ ಕಡಿಮೆ ಸುಂಕದಲ್ಲಿ ಆಮದಿಗೂ ಅವಕಾಶ ಕೊಟ್ಟಿತು.

ಎರಡನೆಯದು 2020ರದು. ಕೋಳಿ ತಿಂದರೆ ಕೊರೊನಾ ಬರುತ್ತದೆ ಎಂಬ ಸುಳ್ಳು ಸುದ್ದಿ ಫೆಬ್ರುವರಿಯಿಂದಲೇ ಮೊಬೈಲ್‌ಗಳಲ್ಲಿ ಹರಿದಾಡಿತು. ಮಾರ್ಚ್‌ನಲ್ಲಿ ಮೈಸೂರಿನಲ್ಲೂ ಹರಿಹರ ತಾಲ್ಲೂಕಿನ ಬನ್ನಿಕೋಡಿನಲ್ಲೂ ಹಕ್ಕಿಜ್ವರ ಕಾಣಿಸಿಕೊಂಡಿತು. ಕೆ.ಬಿ. ಬಡಾವಣೆಯ ಕಡೆ ಭಾನುವಾರ ಬೆಳಿಗ್ಗೆ ಜನ ನಿಲ್ಲುತ್ತಿದ್ದ ಕೋಳಿ ಅಂಗಡಿಗಳ ಮುಂದೆ ಯಾರೂ ಇಲ್ಲದಂತಾಯಿತು. ಕೋಳಿ ಆಹಾರದಲ್ಲಿ ಅರ್ಧಕ್ಕಿಂತ ಹೆಚ್ಚು ಮೆಕ್ಕೆಜೋಳವೇ. ಕೋಳಿ ಬೇಡವಾದರೆ ಮೆಕ್ಕೆಜೋಳವೂ ಬೇಡ. ಆ ಹಂಗಾಮಿನ ಬೆಂಬಲ ಬೆಲೆ 1,760 ರೂಪಾಯಿ ಇತ್ತು, ಮಾರುಕಟ್ಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗೆ ಕುಸಿಯಿತು. ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಮೆಕ್ಕೆಜೋಳ ಬೆಳೆದ ಸುಮಾರು 10 ಲಕ್ಷ ರೈತರಿಗೆ ತಲಾ 5,000 ರೂಪಾಯಿ ನೆರವು ಘೋಷಿಸಬೇಕಾಯಿತು.

ಇವೆರಡನ್ನೂ ಚಿತ್ರದ ಮೇಲೆ ಇಟ್ಟು ನೋಡಲು ಒಂದು ಲೆಕ್ಕ ಮಾಡೋಣ. ಅಂಕಿಗಳು ಲೆಕ್ಕ ಸುಲಭವಾಗಲೆಂದು ನಾನು ಇಟ್ಟುಕೊಂಡವು, ಯಾವ ಮಾರುಕಟ್ಟೆಯ ದಾಖಲೆಯೂ ಅಲ್ಲ. ಒಂದು ದಿನ ಕ್ವಿಂಟಲಿಗೆ 1,800 ರೂಪಾಯಿಯಂತೆ 10,000 ಕ್ವಿಂಟಲ್ ವ್ಯಾಪಾರವಾಗುತ್ತದೆ ಎನ್ನಿ. ಬೆಲೆ ಒಂದು ರೂಪಾಯಿ ಏರಿದರೆ ಕೊಳ್ಳುವವರು 10 ಕ್ವಿಂಟಲ್ ಕಡಿಮೆ ಕೊಳ್ಳುತ್ತಾರೆ, ಮಾರುವವರು 5 ಕ್ವಿಂಟಲ್ ಹೆಚ್ಚು ತರುತ್ತಾರೆ.

ಹುಳು ಬಿತ್ತು. ಯಾವುದೇ ಬೆಲೆಗೂ ಮೊದಲಿಗಿಂತ 3,000 ಕ್ವಿಂಟಲ್ ಕಡಿಮೆ ಮಾಲು ಬರುತ್ತದೆ. ಪೂರೈಕೆ ರೇಖೆ ಅಷ್ಟು ಎಡಕ್ಕೆ ಸರಿಯಿತು, ಬೇಡಿಕೆ ರೇಖೆ ಕದಲಲಿಲ್ಲ. 1,800ರಲ್ಲೇ ಬೆಲೆ ನಿಂತರೆ 3,000 ಕ್ವಿಂಟಲ್ ಕೊರತೆ. ಕೊಳ್ಳುವವರು ಪೈಪೋಟಿಗೆ ಬೀಳುತ್ತಾರೆ, ಬೆಲೆ ಏರುತ್ತದೆ. 200 ರೂಪಾಯಿ ಏರಿದಾಗ ಕೊಳ್ಳುವವರು 2,000 ಕ್ವಿಂಟಲ್ ಹಿಂದೆ ಸರಿಯುತ್ತಾರೆ, ಗೋದಾಮಿನಲ್ಲಿದ್ದ 1,000 ಕ್ವಿಂಟಲ್ ಹೊರಗೆ ಬರುತ್ತದೆ, ಕೊರತೆ ತೀರುತ್ತದೆ. ಹೊಸ ಬೆಲೆ 2,000, ಹೊಸ ಪ್ರಮಾಣ 8,000. ಇಲ್ಲಿ ಒಂದನ್ನು ಗಮನಿಸಬೇಕು. ರೇಖೆ ಸರಿದದ್ದು 3,000, ವ್ಯಾಪಾರ ಕುಗ್ಗಿದ್ದು 2,000 ಮಾತ್ರ. ಉಳಿದ 1,000ವನ್ನು ಏರಿದ ಬೆಲೆಯೇ ಎಳೆದು ತಂದಿತು. ಪರೀಕ್ಷೆಯಲ್ಲಿ ಮಕ್ಕಳು ತಪ್ಪುವುದು ಇಲ್ಲಿಯೇ. ಪೂರೈಕೆ ರೇಖೆಯನ್ನು ಎಡಕ್ಕೆ ಸರಿಸಿದವರು, ಬೆಲೆ ಏರಿದ್ದರಿಂದ ಬೇಡಿಕೆ ಇಳಿಯಿತು ಎಂದು ಬೇಡಿಕೆ ರೇಖೆಯನ್ನೂ ಎಡಕ್ಕೆ ಎಳೆದುಬಿಡುತ್ತಾರೆ. ಬೇಡಿಕೆ ರೇಖೆಯ ಮೇಲೇ ಮೇಲಕ್ಕೆ ಹತ್ತಿದ್ದನ್ನು ರೇಖೆಯ ಪಲ್ಲಟ ಎಂದು ಓದುವುದು ಜೆಂಕಿನ್ನನಿಗಿಂತ ಮೊದಲಿನ ಅದೇ ಸುಳಿ.

ಈಗ ಮೊದಲಿನ ಸ್ಥಿತಿಗೇ ಮರಳಿ, ಸುಳ್ಳು ಸುದ್ದಿ ಹಬ್ಬಿತು ಎನ್ನಿ. ಯಾವುದೇ ಬೆಲೆಗೂ ಕೊಳ್ಳುವವರು ಮೊದಲಿಗಿಂತ 6,000 ಕ್ವಿಂಟಲ್ ಕಡಿಮೆ ಕೇಳುತ್ತಾರೆ. ಬೇಡಿಕೆ ರೇಖೆ ಎಡಕ್ಕೆ ಸರಿಯಿತು, ಪೂರೈಕೆ ರೇಖೆ ಇದ್ದಲ್ಲೇ ಇದೆ. ಬೆಲೆ 400 ರೂಪಾಯಿ ಇಳಿದು 1,400ಕ್ಕೆ ಬಂದು ನಿಲ್ಲುತ್ತದೆ, ಪ್ರಮಾಣ 8,000.

ಎರಡೂ ಸಲ ಪ್ರಮಾಣ 8,000. ಆವಕದ ಪಟ್ಟಿಯನ್ನಷ್ಟೇ ನೋಡಿದವನಿಗೆ ಎರಡೂ ದಿನ ಒಂದೇ ಥರ. ಆದರೆ ಒಮ್ಮೆ ಬೆಲೆ 2,000, ಇನ್ನೊಮ್ಮೆ 1,400. ಪ್ರಮಾಣ ಕುಗ್ಗಿ ಬೆಲೆ ಏರಿದರೆ ಪೂರೈಕೆ ಸರಿದಿದೆ. ಪ್ರಮಾಣವೂ ಕುಗ್ಗಿ ಬೆಲೆಯೂ ಇಳಿದರೆ ಬೇಡಿಕೆ ಸರಿದಿದೆ. ಹಿರಿಯರ ಪ್ರಶ್ನೆಗೆ ಮೊದಲ ಉತ್ತರ ಇದು. ಲಾಕ್‌ಡೌನಿನಲ್ಲಿ ಸಾಗಾಟ ನಿಂತದ್ದರಿಂದ ಆ ವರ್ಷದ ಆವಕದಲ್ಲಿ ಬೇರೆ ಕಾರಣವೂ ಬೆರೆತಿತ್ತು, ನಿಜ. ಆದರೂ ಧಾರಣೆಯನ್ನು ಕೆಳಗೆ ಎಳೆದದ್ದು ಬೇಡಿಕೆಯೇ.

ಇಲ್ಲಿ ಜೆಂಕಿನ್ನನ ಇನ್ನೊಂದು ಮಾತನ್ನು ಹೇಳಲೇಬೇಕು. ಅವನ ಮೂಲ ಪ್ರಶ್ನೆ ಕೂಲಿಯದಾಗಿತ್ತಲ್ಲ. ಕೈಯಲ್ಲಿ ಉಳಿತಾಯವಿಲ್ಲದ ಕಾರ್ಮಿಕ, ಇಂತಿಷ್ಟಕ್ಕಿಂತ ಕಡಿಮೆಗೆ ಕೊಡೆನು ಎನ್ನುವ ಮೀಸಲು ಬೆಲೆಯಿಲ್ಲದೆ ತನ್ನ ದುಡಿಮೆಯನ್ನು ಮಾರಬೇಕು, ಸಾಲಕ್ಕೆ ಸಿಕ್ಕವನ ಸರಕು ಹರಾಜಾಗುವ ಹಾಗೆ. ಸಂಘದ ನಿಧಿ ಅವನಿಗೆ ಕಾಯುವ ಶಕ್ತಿ ಕೊಡುತ್ತದೆ, ಅಂದರೆ ಪೂರೈಕೆ ರೇಖೆಯ ಆಕಾರವನ್ನೇ ಬದಲಿಸುತ್ತದೆ ಎಂದು ಅವನು ತೋರಿಸಿದ. ಇದು ನಮ್ಮ ರೈತನಿಗೆ ಅಕ್ಷರಶಃ ಹೊಂದುತ್ತದೆ. ಕಣದಿಂದ ನೇರ ಮಾರುಕಟ್ಟೆಗೆ ಬಂದು, ಬೀಜ ಗೊಬ್ಬರದ ಸಾಲ ತೀರಿಸಬೇಕಾದವನು ಬಂದ ಬೆಲೆಗೆ ಕೊಟ್ಟು ಹೋಗುತ್ತಾನೆ. ಎಲ್ಲರೂ ಹಾಗಿದ್ದರೆ ಪೂರೈಕೆ ರೇಖೆ 10,000ದ ಮೇಲೆ ನೆಟ್ಟಗೆ ನಿಂತ ಗೋಡೆ. ಅದೇ 6,000ದ ಹೊಡೆತ ಬಿದ್ದರೆ ಬೆಲೆ 1,400ರಲ್ಲಿ ನಿಲ್ಲದೆ 1,200ಕ್ಕೆ ಇಳಿಯುತ್ತದೆ. ಗೋದಾಮಿನಲ್ಲಿಟ್ಟು, ಆ ರಸೀದಿಯ ಮೇಲೆ ಸಾಲ ಪಡೆದು ಕಾಯುವ ಅನುಕೂಲ ಇದ್ದವರಿಗೂ ಇಲ್ಲದವರಿಗೂ ನಡುವಿನ ಅಂತರ ಈ ಲೆಕ್ಕದಲ್ಲಿ ಕ್ವಿಂಟಲಿಗೆ 200 ರೂಪಾಯಿ. ಮೆಕ್ಕೆಜೋಳದಲ್ಲಿ ತೇವಾಂಶ ಹೆಚ್ಚಿದ್ದರೆ ಗೋದಾಮಿನವರೂ ಇಟ್ಟುಕೊಳ್ಳುವುದಿಲ್ಲ, ಬೂಸ್ಟು ಹಿಡಿಯುತ್ತದೆ. ಒಣಗಿಸುವ ಕಣವಿಲ್ಲದ ರೈತನ ಪೂರೈಕೆ ರೇಖೆ ಆ ಕಾರಣಕ್ಕೂ ಗೋಡೆಯೇ.

ಅರ್ಥಶಾಸ್ತ್ರಜ್ಞರು ಮಾರ್ಷಲ್‌ನ ನಂತರ ಚಿತ್ರ ಬರೆಯಲು ಕಲಿತರು, ಆದರೆ ನಿಜವಾದ ಮಾರುಕಟ್ಟೆಯಲ್ಲಿ ಆ ಗೆರೆಗಳು ಎಲ್ಲಿವೆ? ಯಾರಿಗೂ ಕಾಣುವುದಿಲ್ಲ. ಕಾಣುವುದು ದಿನಕ್ಕೊಂದು ಬಿಂದು ಮಾತ್ರ, ಇಂದಿನ ಆವಕ, ಇಂದಿನ ಧಾರಣೆ. ಅಮೆರಿಕದ ಹೆನ್ರಿ ಮೂರ್ ಆ ಬಿಂದುಗಳಿಂದಲೇ ಬೇಡಿಕೆ ರೇಖೆ ಹುಡುಕಲು ಹೊರಟ. 1914ರಲ್ಲಿ ಅವನು ಮೆಕ್ಕೆಜೋಳ, ಹುಲ್ಲು, ಓಟ್ಸ್, ಆಲೂಗಡ್ಡೆಗಳ ವರ್ಷವರ್ಷದ ಬೆಳೆ ಮತ್ತು ಬೆಲೆ ಹಿಡಿದು ರೇಖೆ ಎಳೆದ. ಇಳಿಜಾರಾದ ಸೊಗಸಾದ ಬೇಡಿಕೆ ರೇಖೆಗಳು ಬಂದವು. ಅದೇ ವಿಧಾನವನ್ನು ಬೀಡುಕಬ್ಬಿಣಕ್ಕೆ ಹಾಕಿದ. ರೇಖೆ ಮೇಲಕ್ಕೆ ಏರಿತು! ಬೆಲೆ ಹೆಚ್ಚಾದಷ್ಟೂ ಜನ ಹೆಚ್ಚು ಕೊಳ್ಳುತ್ತಾರೆ ಎಂಬ ಹೊಸ ಬಗೆಯ ಬೇಡಿಕೆ ರೇಖೆ ಸಿಕ್ಕಿತೆಂದು ಅವನು ಸಾರಿದ.

ನಮ್ಮ ಲೆಕ್ಕದ ಬಿಂದುಗಳನ್ನೇ ತೆಗೆದುಕೊಂಡರೆ ಅವನು ಎಡವಿದ್ದೆಲ್ಲಿ ಎಂದು ಕಾಣುತ್ತದೆ. ಹುಳು ಬಿದ್ದಾಗಿನ ಬಿಂದುವನ್ನು ಮೊದಲಿನ ಬಿಂದುವಿಗೆ ಸೇರಿಸಿ: ಬೆಲೆ 200 ಏರಿತು, ಪ್ರಮಾಣ 2,000 ಇಳಿಯಿತು. ಇದು ಬೇಡಿಕೆ ರೇಖೆಯೇ. ಪೂರೈಕೆ ಸರಿದಾಗ ಎರಡೂ ಬಿಂದುಗಳು ಕದಲದ ಬೇಡಿಕೆಯ ಮೇಲೆಯೇ ಬೀಳುತ್ತವೆ. ಸುಳ್ಳು ಸುದ್ದಿಯ ಬಿಂದುವನ್ನು ಸೇರಿಸಿ: ಬೆಲೆ 400 ಇಳಿಯಿತು, ಪ್ರಮಾಣವೂ 2,000 ಇಳಿಯಿತು. ಇದು ಪೂರೈಕೆ ರೇಖೆ. ಸರಿಯುವ ರೇಖೆ ತನ್ನನ್ನು ತೋರಿಸಿಕೊಳ್ಳುವುದಿಲ್ಲ, ನಿಂತಿರುವ ರೇಖೆಯನ್ನು ತೋರಿಸುತ್ತದೆ. ಬೆಳೆಗಳಲ್ಲಿ ವರ್ಷವರ್ಷವೂ ಮಳೆ ಪೂರೈಕೆಯನ್ನು ಸರಿಸುತ್ತದೆ, ಅದಕ್ಕೇ ಮೂರ್‌ಗೆ ಮೆಕ್ಕೆಜೋಳದ ಬೇಡಿಕೆ ಸರಿಯಾಗಿ ಸಿಕ್ಕಿತು. ಕಬ್ಬಿಣದಲ್ಲಿ ಸರಿಯುವುದು ಬೇಡಿಕೆ. ರೈಲು, ಕಟ್ಟಡ, ಕಾರ್ಖಾನೆಗಳ ಕೆಲಸ ಜೋರಾದಾಗ ಏರುತ್ತದೆ, ತಣ್ಣಗಾದಾಗ ಇಳಿಯುತ್ತದೆ. ಅವನು ಬೇಡಿಕೆ ಎಂದುಕೊಂಡು ಎಳೆದದ್ದು ಹೆಚ್ಚುಕಡಿಮೆ ಪೂರೈಕೆಯ ರೇಖೆ.

ಇದನ್ನು ಮರುವರ್ಷವೇ, 1915ರಲ್ಲಿ, ವಿಮರ್ಶೆಯೊಂದರಲ್ಲಿ ಎತ್ತಿ ಹೇಳಿದವನು ಫಿಲಿಪ್ ರೈಟ್. ಈತ ಇಲಿನಾಯ್ ರಾಜ್ಯದ ಗೇಲ್ಸ್‌ಬರ್ಗ್ ಎಂಬ ಊರಿನ ಲೊಂಬಾರ್ಡ್ ಕಾಲೇಜಿನಲ್ಲಿ ವರ್ಷಗಟ್ಟಲೆ ಪಾಠ ಹೇಳಿದ್ದವನು. ಕವಿಯೂ ಹೌದು. ಮನೆಯ ನೆಲಮಾಳಿಗೆಯಲ್ಲಿ ಮುದ್ರಣಯಂತ್ರ ಇಟ್ಟುಕೊಂಡು ತನ್ನ ಶಿಷ್ಯ ಕಾರ್ಲ್ ಸ್ಯಾಂಡ್‌ಬರ್ಗ್‌ನ ಮೊದಲ ಕವಿತಾ ಪುಸ್ತಕಗಳನ್ನು ಅಚ್ಚು ಹಾಕಿದವನು. ಅವನ ಮಗ ಸೂವಲ್ ರೈಟ್ ತಳಿಶಾಸ್ತ್ರದ ದೊಡ್ಡ ಹೆಸರು. ಇಲ್ಲೊಂದು ವಿಚಿತ್ರ ನಂಟಿದೆ. ನಮ್ಮ ಜೆಂಕಿನ್ 1867ರಲ್ಲಿ ಡಾರ್ವಿನ್ನನ ಪುಸ್ತಕವನ್ನು ವಿಮರ್ಶಿಸುತ್ತಾ, ಹೊಸ ಗುಣವೊಂದು ತಲೆಮಾರಿನಿಂದ ತಲೆಮಾರಿಗೆ ಬೆರೆತು ಬೆರೆತು ಕರಗಿಹೋಗದೆ ಹೇಗೆ ಉಳಿದೀತು ಎಂದು ಕೇಳಿದ್ದ. ಡಾರ್ವಿನ್ನನನ್ನು ಕಾಡಿದ ಆ ಆಕ್ಷೇಪಣೆಗೆ ಪೂರ್ಣ ಉತ್ತರ ಕಟ್ಟಿದವರಲ್ಲಿ ಸೂವಲ್ ರೈಟ್ ಒಬ್ಬ.

ಒಂದೇ ರೇಖೆ ಸರಿದಿದ್ದರೆ ಸರಿ, ಎರಡೂ ಸರಿದರೆ? ಹುಳುವೂ ಸುದ್ದಿಯೂ ಒಟ್ಟಿಗೆ ಬಂದರೆ ನಮ್ಮ ಲೆಕ್ಕದಲ್ಲಿ ಬೆಲೆ 1,600, ಪ್ರಮಾಣ 6,000 ಆಗುತ್ತದೆ. ಮೊದಲಿನ ಬಿಂದುವಿಗೆ ಇದನ್ನು ಸೇರಿಸಿ ಎಳೆದ ಗೆರೆ ಬೇಡಿಕೆಯೂ ಅಲ್ಲ, ಪೂರೈಕೆಯೂ ಅಲ್ಲ. ನೋಡಲು ಮಾತ್ರ ಅಚ್ಚುಕಟ್ಟಾಗಿ ಮೇಲಕ್ಕೆ ಏರುತ್ತದೆ. ಎಲ್ಮರ್ ವರ್ಕಿಂಗ್ 1927ರಲ್ಲಿ ಇದನ್ನು ಚಿತ್ರಗಳೊಂದಿಗೆ ಬಿಡಿಸಿ ಹೇಳಿದ. ದಾರಿ ಸಿಕ್ಕಿದ್ದು ಮರುವರ್ಷ, ಪ್ರಾಣಿಜನ್ಯ ಮತ್ತು ಸಸ್ಯಜನ್ಯ ಎಣ್ಣೆಗಳ ಆಮದು ಸುಂಕದ ಬಗ್ಗೆ ಫಿಲಿಪ್ ರೈಟ್ ಬರೆದ ಪುಸ್ತಕದ ಅನುಬಂಧವೊಂದರಲ್ಲಿ.

ಅವನ ಕೈಯಲ್ಲಿದ್ದ ಸರಕು ಅಗಸೆ ಬೀಜ. ಸುಂಕ ಹಾಕಿದರೆ ಬೆಲೆ ಎಷ್ಟು ಏರೀತು, ಭಾರ ಯಾರ ಮೇಲೆ ಬಿದ್ದೀತು ಎಂದು ಹೇಳಬೇಕಾದರೆ ಎರಡೂ ರೇಖೆಗಳ ಓರೆ ಗೊತ್ತಿರಬೇಕು. ರೈಟ್ ಹೇಳಿದ್ದಿಷ್ಟು: ಒಂದು ರೇಖೆಯನ್ನು ಮಾತ್ರ ತಳ್ಳುವ, ಇನ್ನೊಂದನ್ನು ಮುಟ್ಟದ ಮೂರನೆಯ ಸಂಗತಿಯೊಂದನ್ನು ಹುಡುಕಿ. ಎಕರೆಗೆ ಬಂದ ಇಳುವರಿ ಅಂಥದ್ದು. ಮಳೆ ಕೈಕೊಟ್ಟರೆ ಬೀಜ ಕಡಿಮೆಯಾಗುತ್ತದೆ, ಬಣ್ಣ ತಯಾರಿಸುವವನಿಗೆ ಬೇಕಾದ ಎಣ್ಣೆ ಅದರಿಂದ ಹೆಚ್ಚೂ ಆಗದು ಕಡಿಮೆಯೂ ಆಗದು. ಬೆಲೆ, ಪ್ರಮಾಣಗಳ ಏರಿಳಿತದಲ್ಲಿ ಇಳುವರಿಯ ಜೊತೆ ಹೆಜ್ಜೆ ಹಾಕಿದ ಪಾಲನ್ನಷ್ಟೇ ಆರಿಸಿಕೊಂಡರೆ ಪೂರೈಕೆ ಮಾತ್ರ ಸರಿದ ದಿನಗಳನ್ನು ಆರಿಸಿದಂತಾಗುತ್ತದೆ, ಬೇಡಿಕೆ ರೇಖೆ ಹೊರಬೀಳುತ್ತದೆ. ಅದೇ ರೀತಿ ಬೇಡಿಕೆಯನ್ನಷ್ಟೇ ತಳ್ಳುವ ಸಂಗತಿ ಹಿಡಿದರೆ ಪೂರೈಕೆ ಸಿಗುತ್ತದೆ. ಅವನ ಲೆಕ್ಕದಲ್ಲಿ ಅಗಸೆಯ ಬೆಲೆ ನೂರಕ್ಕೆ ಒಂದು ಏರಿದರೆ ಬೇಡಿಕೆ ಸುಮಾರು 0.8 ಇಳಿಯುತ್ತಿತ್ತು, ಪೂರೈಕೆ ಸುಮಾರು 2.4 ಏರುತ್ತಿತ್ತು. ಈ ಅನುಬಂಧವನ್ನು ಬಹುಕಾಲ ಯಾರೂ ಗಮನಿಸಲಿಲ್ಲ. ಬರೆದದ್ದು ಅಪ್ಪನೋ ಮಗನೋ ಎಂಬ ಚರ್ಚೆಯೂ ಹುಟ್ಟಿತು. 2003ರಲ್ಲಿ ಇಬ್ಬರ ಬರವಣಿಗೆಯ ಶೈಲಿಯನ್ನು ಅಂಕಿಅಂಶದಿಂದ ಹೋಲಿಸಿದ ಅಧ್ಯಯನವೊಂದು ಅಪ್ಪನದೇ ಎಂದು ತೋರಿಸಿತು.

ನಮ್ಮ ಎಪಿಎಂಸಿಯ ಹಳೆಯ ಆವಕ-ಧಾರಣೆ ಪಟ್ಟಿಗಳನ್ನು ಹರಡಿಕೊಂಡು ಮೆಕ್ಕೆಜೋಳದ ರೇಖೆಗಳನ್ನು ಹುಡುಕಬೇಕೆಂದರೆ ರೈಟ್‌ನ ದಾರಿಯೇ ದಾರಿ. ಬೇಡಿಕೆ ಬೇಕಾದರೆ ಹುಳು ಮತ್ತು ಮಳೆಯನ್ನು ಹಿಡಿಯಬೇಕು, ಪೂರೈಕೆ ಬೇಕಾದರೆ 2020ರ ಸುದ್ದಿಯಂಥದನ್ನು. ಆದರೆ ಒಂದು ಕಡೆ ಎಚ್ಚರ ಬೇಕು. ಹುಳುವಿನ ಸುದ್ದಿ ಮೊದಲೇ ಹಬ್ಬಿದರೆ ಮುಂದೆ ಬೆಲೆ ಏರೀತೆಂದು ಕೋಳಿ ಆಹಾರದ ಕಾರ್ಖಾನೆಯವರು ಮೊದಲೇ ಕೊಂಡು ತುಂಬಿಕೊಳ್ಳುತ್ತಾರೆ. ಆಗ ಹುಳು ಪೂರೈಕೆಯನ್ನು ಮಾತ್ರವಲ್ಲ, ಬೇಡಿಕೆಯನ್ನೂ ತಳ್ಳಿದಂತಾಯಿತು, ಸಿಗುವ ರೇಖೆಯ ಓರೆ ತಪ್ಪಾಗುತ್ತದೆ. ಅದನ್ನು ಪತ್ತೆ ಹಚ್ಚಲು ತಾರೀಖು ನೋಡಬೇಕು. ಹೊಸ ಮಾಲು ಮಾರುಕಟ್ಟೆಗೆ ಬರುವ ಮೊದಲೇ, ಆವಕ ಇನ್ನೂ ಕುಗ್ಗದಿರುವಾಗಲೇ ಧಾರಣೆ ಏರತೊಡಗಿದ್ದರೆ ಆ ಏರಿಕೆಯನ್ನು ಪೂರೈಕೆಯ ಲೆಕ್ಕಕ್ಕೆ ಬರೆಯುವಂತಿಲ್ಲ.

ಹಿರಿಯರಿಗೆ ಇಷ್ಟನ್ನೂ ಹೇಳಿ ಮುಗಿಸಿದಾಗ ಅವರು ಕೇಳಿದ್ದು ಒಂದೇ.

“ಹಂಗಾದ್ರೆ ನಾವು ಆವಕ, ಧಾರಣೆ ಎರಡೇ ಬರ್ದಿಟ್ರೆ ಸಾಲಲ್ಲ ಅನ್ರೀ.”

“ಸಾಲಲ್ಲ ಯಜಮಾನ್ರೇ. ಆ ವಾರ ಮಳೆ ಎಷ್ಟು ಬಂತು, ಹುಳ ಎಲ್ಲಿ ಬಿತ್ತು, ಕೋಳಿ ರೇಟು ಎಷ್ಟಿತ್ತು, ಅದನ್ನೂ ಪಕ್ಕದಾಗೇ ಬರ್ದಿಡಿ.”